ಹಾಕಿದ ದಿನವೇ ಬಿರುಕು ಬಿಟ್ಟ ಸ್ಲ್ಯಾಬ್: ಬಿಸಿಲೋ, ಗಾಳಿಯೋ, ಮಳೆಯೋ?

ಬೇಸಿಗೆಯಲ್ಲಿ ಸ್ಲ್ಯಾಬ್ ಹಾಕಿದ ದಿನ ಸಂಜೆಯೊಳಗೇ ಮೇಲೆ ಬಿರುಕು ಕಂಡರೆ ಸೈಟಿನಲ್ಲಿ ಮೊದಲ ಬೈಗುಳ ಸಿಮೆಂಟಿಗೆ ಬೀಳುತ್ತದೆ. ಎರಡನೆಯದು ಮೇಸ್ತ್ರಿಗೆ. ನಿಜ ಹೇಳಬೇಕೆಂದರೆ ಸಿಮೆಂಟ್ ಕೆಟ್ಟು ಹೀಗಾಗುವುದು ಬಹಳ ಅಪರೂಪ. ಹಸಿ ಕಾಂಕ್ರೀಟ್ ಮೊದಲ ಕೆಲವು ಗಂಟೆ ಏನು ಅನುಭವಿಸಿತು ಅನ್ನುವುದರಲ್ಲೇ ಬಹುಪಾಲು ಉತ್ತರ ಇರುತ್ತದೆ. ಬಿರುಕು ಯಾವ ಹೊತ್ತಿಗೆ ಬಂತು, ಯಾವ ದಿಕ್ಕಿಗೆ ಓಡಿದೆ, ಎಷ್ಟು ಆಳ ಇಳಿದಿದೆ, ಇಷ್ಟನ್ನು ನೋಡಿದರೆ ಕಾರಣ ಗೊತ್ತಾಗುತ್ತದೆ. ಆದರೆ ನೋಡುವುದು ಅವತ್ತೇ ಆಗಬೇಕು. ಮರುದಿನ ಬೆಳಗ್ಗೆ ಪಾತಿ ಕಟ್ಟಿ ನೀರು ನಿಲ್ಲಿಸಿದ ಮೇಲೆ ಬಿರುಕು ಕಾಣುವುದೂ ಇಲ್ಲ, ಯಾವಾಗ ಬಂತು ಅಂತ ಯಾರಿಗೂ ನೆನಪಿರುವುದೂ ಇಲ್ಲ.

ಬಿರುಕನ್ನು ಓದುವುದು

ಹಸಿ ಕಾಂಕ್ರೀಟಿನಲ್ಲಿ ಬರುವ ಬಿರುಕು ಮುಖ್ಯವಾಗಿ ಎರಡು ಬಗೆ. ಎರಡೂ ಹಾಕಿದ ಅರ್ಧ ಗಂಟೆಯಿಂದ ಐದಾರು ಗಂಟೆಯೊಳಗೆ ಬರುತ್ತವೆ. ಹಾಗಾಗಿ ಒಂದನ್ನು ಇನ್ನೊಂದು ಅಂತ ತಿಳಿದುಕೊಳ್ಳುವುದು ಸುಲಭ.

ಮೊದಲನೆಯದು ಒಣಗಿ ಬರುವ ಬಿರುಕು. ಪ್ಲಾಸ್ಟಿಕ್ ಶ್ರಿಂಕೇಜ್ ಕ್ರ್ಯಾಕ್ ಅನ್ನುತ್ತಾರೆ. ಸ್ಲ್ಯಾಬಿನ ಅಂಚಿಗೆ ಓರೆಯಾಗಿ, ಹೆಚ್ಚುಕಮ್ಮಿ ಮೂಲೆಯಿಂದ ಮೂಲೆಯ ದಿಕ್ಕಿಗೆ, ಒಂದರ ಪಕ್ಕ ಒಂದು ಗೆರೆ ಎಳೆದಂತೆ ಇರುತ್ತದೆ. ಗೆರೆಗಳ ನಡುವೆ ಒಂದು ಅಡಿಯಿಂದ ಮೂರು ಅಡಿ ಅಂತರ. ಕೆಲವೊಮ್ಮೆ ಯಾವ ಕ್ರಮವೂ ಇಲ್ಲದೆ ಅಲ್ಲಲ್ಲಿ ಒಡೆದಿರುವುದೂ ಉಂಟು. ಮೇಲೆ ಅಗಲ, ಕೆಳಗೆ ಇಳಿದಂತೆ ಸಣ್ಣ. ಇದರ ಒಂದು ಗುರುತು ಗಮನಿಸಿ: ಬಿರುಕು ಸಾಮಾನ್ಯವಾಗಿ ಸ್ಲ್ಯಾಬಿನ ಅಂಚಿನವರೆಗೆ ಹೋಗುವುದಿಲ್ಲ. ಅಂಚಿನಲ್ಲಿ ಕಾಂಕ್ರೀಟಿಗೆ ಕುಗ್ಗಲು ಜಾಗ ಇರುತ್ತದೆ, ಅದಕ್ಕೆ ಅಲ್ಲಿ ಒಡೆಯುವುದಿಲ್ಲ.

ಎರಡನೆಯದು ಕುಸಿದು ಬರುವ ಬಿರುಕು. ಇದು ಓರೆಯಾಗಿರುವುದಿಲ್ಲ, ಮೇಲಿನ ಕಂಬಿಯ ನೇರಕ್ಕೇ ಓಡುತ್ತದೆ. ಟೇಪ್ ಹಿಡಿದು ಗೆರೆಗಳ ಅಂತರ ಅಳೆಯಿರಿ. ಅದು ಕಂಬಿಯ ಅಂತರಕ್ಕೆ ಸರಿಹೊಂದಿದರೆ ಅನುಮಾನವೇ ಬೇಡ. ಕಾಂಕ್ರೀಟ್ ತನ್ನ ಭಾರಕ್ಕೆ ಕೆಳಗೆ ಕೂರುತ್ತದೆ, ಕಂಬಿ ಮಾತ್ರ ಕೂರುವುದಿಲ್ಲ. ಹಾಗಾಗಿ ಕಂಬಿಯ ಮೇಲೆ ಸೀಳು, ಕಂಬಿಯ ಅಡಿಯಲ್ಲಿ ಟೊಳ್ಳು. ನೀರು ಜಾಸ್ತಿಯಾದ ಮಿಕ್ಸ್, ಕಂಬಿಯ ಮೇಲೆ ಮುಚ್ಚುವ ಕಾಂಕ್ರೀಟ್ ಅಂದರೆ ಕವರ್ ಕಡಿಮೆ, ಅರೆಬರೆ ವೈಬ್ರೇಟರ್ ಇದ್ದ ಕಡೆ ಇದು ಜಾಸ್ತಿ. ಬಾಲ್ಕನಿ, ಸಜ್ಜಾ ಥರ ಹೊರಗೆ ಚಾಚಿದ ಸ್ಲ್ಯಾಬಿನಲ್ಲಿ ಕಂಡರೆ ಹಗುರವಾಗಿ ತೆಗೆದುಕೊಳ್ಳಬೇಡಿ. ಅಲ್ಲಿ ಭಾರ ಹೊರುವ ಮುಖ್ಯ ಕಂಬಿ ಇರುವುದೇ ಮೇಲ್ಗಡೆ. ಎಂಜಿನಿಯರ್ ನೋಡದೆ ಸೆಂಟ್ರಿಂಗ್ ಬಿಚ್ಚಬಾರದು.

ಇನ್ನೊಂದು, ಕೂದಲೆಳೆಯಂಥ ಬಲೆ. ಕೆಲವು ದಿನ ಕಳೆದ ಮೇಲೆ, ಮೇಲ್ಮೈ ಒದ್ದೆಯಾಗಿ ಆರುವಾಗ ಎದ್ದು ಕಾಣುತ್ತದೆ. ಆಳ ಇರುವುದಿಲ್ಲ. ಮೇಲೆ ಒಣ ಸಿಮೆಂಟ್ ಉದುರಿಸಿ ಕರಣೆಯಲ್ಲಿ ಉಜ್ಜಿದ್ದರ ಫಲ ಅದು. ನೋಡಲು ಚೆನ್ನಾಗಿಲ್ಲ, ಅಷ್ಟೇ.

ಗಟ್ಟಿಯಾದ ಮೇಲೆ ಬಿರುಕು ಕಂಡಿತು, ಯಾವಾಗ ಬಂತೋ ಗೊತ್ತಿಲ್ಲ ಅಂದರೆ ಒಂದು ಪರೀಕ್ಷೆ ಇದೆ. ಬಿರುಕಿನ ಮೇಲೆ ಉಳಿಯಿಂದ ಚೂರು ಕಾಂಕ್ರೀಟ್ ಒಡೆದು ಒಳಗೆ ನೋಡಿ. ಬಿರುಕು ಜಲ್ಲಿಕಲ್ಲನ್ನು ಸುತ್ತಿಕೊಂಡು ಹೋಗಿದೆಯೋ, ಕಲ್ಲನ್ನೇ ಸೀಳಿಕೊಂಡು ಹೋಗಿದೆಯೋ? ಕಾಂಕ್ರೀಟ್ ಹಸಿಯಾಗಿದ್ದಾಗ ಕಲ್ಲಿಗೂ ಗಾರೆಗೂ ಇನ್ನೂ ಹಿಡಿತ ಬಂದಿರುವುದಿಲ್ಲ, ಆಗ ಬಂದ ಬಿರುಕು ಕಲ್ಲಿನ ಪಕ್ಕದಲ್ಲೇ ದಾರಿ ಮಾಡಿಕೊಳ್ಳುತ್ತದೆ. ಸೀಳಿದ ಕಲ್ಲು ಕಂಡರೆ ಬಿರುಕು ಗಟ್ಟಿಯಾದ ಮೇಲೆ ಬಂದದ್ದು. ಆಗ ಭಾರವೋ, ಸೆಂಟ್ರಿಂಗ್ ಬೇಗ ಬಿಚ್ಚಿದ್ದೋ, ಬೇರೆ ಏನೋ ಹುಡುಕಬೇಕು. ಈ ಬರಹದಲ್ಲಿ ಅದಕ್ಕೆ ಉತ್ತರ ಇಲ್ಲ.

ಗಾಳಿಯ ಲೆಕ್ಕ

ಹಾಕಿದ ಕಾಂಕ್ರೀಟಿನಲ್ಲಿ ಭಾರದ ಕಲ್ಲು, ಮರಳು ಕೆಳಗಿಳಿದಂತೆ ತೆಳುವಾಗಿ ನೀರು ಮೇಲೆ ಬರುತ್ತದೆ. ಆ ನೀರು ಆರುವುದಕ್ಕಿಂತ ಬೇಗ ಕೆಳಗಿನಿಂದ ಹೊಸ ನೀರು ಬರುತ್ತಿದ್ದರೆ ತೊಂದರೆ ಇಲ್ಲ. ಆರುವ ವೇಗ ಮುಂದಾಯಿತೋ, ಮೇಲ್ಪದರ ಎಳೆದುಕೊಳ್ಳುತ್ತದೆ. ಎಳೆತ ತಡೆಯುವ ಶಕ್ತಿ ಇನ್ನೂ ಬಂದಿರುವುದಿಲ್ಲ, ಒಡೆಯುತ್ತದೆ. ಸಿಮೆಂಟ್ ಜಾಸ್ತಿ ಇರುವ, ನೀರು ಕಡಿಮೆ ಇರುವ ಒಳ್ಳೆಯ ಮಿಕ್ಸ್‌ಗಳಲ್ಲಿ ಮೇಲೆ ಬರುವ ನೀರೇ ಕಡಿಮೆ. ಅದಕ್ಕೇ ದುಬಾರಿ ಕಾಂಕ್ರೀಟ್ ಹಾಕಿದವರ ಸ್ಲ್ಯಾಬೇ ಮೊದಲು ಒಡೆಯುವುದು ಕಾಣುತ್ತೇವೆ. ಕಾಂಕ್ರೀಟ್ ಕಳಪೆ ಅಂತ ಅದರ ಅರ್ಥ ಅಲ್ಲ.

ಎಷ್ಟು ನೀರು ಆರುತ್ತದೆ ಅನ್ನುವುದಕ್ಕೆ ಒಂದು ಸೂತ್ರ ಇದೆ. ಮೊಬೈಲಿನ ಕ್ಯಾಲ್ಕುಲೇಟರ್ ಸಾಕು.

```
E = 5 × [(Tc+18)^2.5 − r × (Ta+18)^2.5] × (V+4) × 10^-6
```

Tc ಕಾಂಕ್ರೀಟಿನ ಬಿಸಿ, Ta ಗಾಳಿಯ ಬಿಸಿ, ಎರಡೂ ಸೆಲ್ಸಿಯಸ್‌ನಲ್ಲಿ. r ಗಾಳಿಯ ತೇವಾಂಶ, 30% ಇದ್ದರೆ 0.30. V ಗಾಳಿಯ ವೇಗ, ಗಂಟೆಗೆ ಎಷ್ಟು ಕಿ.ಮೀ. ಅನ್ನುವುದು. ಬರುವ ಉತ್ತರ E, ಒಂದು ಚದರ ಮೀಟರಿನಿಂದ ಗಂಟೆಗೆ ಆರುವ ನೀರು, ಕೆ.ಜಿ.ಯಲ್ಲಿ. 1 ದಾಟಿದರೆ ಬಿರುಕು ಬರುತ್ತದೆ ಅಂತಲೇ ತಿಳಿದು ತಯಾರಿ ಮಾಡಿಕೊಳ್ಳಿ. ನೀರು ಕಡಿಮೆ ಬಿಡುವ ಮಿಕ್ಸ್ ಆದರೆ 0.5ಕ್ಕೇ ಎಚ್ಚರ ಬೇಕು.

ಒಂದು ಲೆಕ್ಕ ಮಾಡಿಯೇ ನೋಡೋಣ. ನೂರು ಚದರ ಮೀಟರಿನ ತಾರಸಿ ಸ್ಲ್ಯಾಬ್. ಬೆಳಗ್ಗೆ ಶುರು ಮಾಡಿ ಮಧ್ಯಾಹ್ನದ ಹೊತ್ತಿಗೆ ಮುಗಿಸಿದ್ದಾರೆ. ಗಾಳಿ 35 ಡಿಗ್ರಿ, ಕಾಂಕ್ರೀಟ್ 36 ಡಿಗ್ರಿ, ತೇವಾಂಶ 30%. ಮೇಲೆ ತಡೆ ಇಲ್ಲದ ಗಾಳಿ, ಗಂಟೆಗೆ 20 ಕಿ.ಮೀ. ಸೂತ್ರಕ್ಕೆ ಹಾಕಿದರೆ 1.84 ಬರುತ್ತದೆ. ಅಂದರೆ ಇಡೀ ಸ್ಲ್ಯಾಬಿನಿಂದ ಗಂಟೆಗೆ 184 ಲೀಟರ್, ಹತ್ತಿರ ಹತ್ತಿರ ಒಂದು ದೊಡ್ಡ ಡ್ರಮ್ ನೀರು ಯಾರಿಗೂ ಕಾಣದ ಹಾಗೆ ಹೋಗುತ್ತಿದೆ.

ಈಗ ಐಸ್ ಹಾಕಿ, ನೆರಳು ಮಾಡಿ, ಕಾಂಕ್ರೀಟನ್ನು 30 ಡಿಗ್ರಿಗೆ ಇಳಿಸಿದೆವು ಅನ್ನಿ. ಗಾಳಿ ಹಾಗೇ ಇದೆ. ಉತ್ತರ 1.18. ಇನ್ನೂ ಒಂದರ ಮೇಲೇ ಇದೆ. ಬದಲಿಗೆ ಕಾಂಕ್ರೀಟ್ 36 ಡಿಗ್ರಿಯಲ್ಲೇ ಇರಲಿ, ಗಾಳಿ ಬೀಸುವ ಕಡೆ ಎದೆಯೆತ್ತರಕ್ಕೆ ಟಾರ್ಪಾಲಿನ್ ಕಟ್ಟಿ ಸ್ಲ್ಯಾಬಿನ ಮೇಲಿನ ಗಾಳಿಯನ್ನು 5 ಕಿ.ಮೀ.ಗೆ ಇಳಿಸಿದರೆ? 0.69. ಅದೇ ಸ್ಲ್ಯಾಬನ್ನು ಸಂಜೆ ಮೇಲೆ ಹಾಕಿ, ಕಾಂಕ್ರೀಟ್ 30, ಗಾಳಿ 26 ಡಿಗ್ರಿ, ತೇವಾಂಶ 55%, ಗಾಳಿ ವೇಗ 8 ಕಿ.ಮೀ. ಇದ್ದರೆ 0.53.

ಎಲ್ಲರೂ ಬಿಸಿಲನ್ನು ಬೈಯುತ್ತಾರೆ, ಆದರೆ ಕೆಡಿಸುವುದರಲ್ಲಿ ಗಾಳಿಯ ಪಾಲು ದೊಡ್ಡದು. ಮೋಡ ಮುಚ್ಚಿದ, ತಂಪಾಗಿ ಒಣಗಾಳಿ ಬೀಸುವ ದಿನವೂ ಸ್ಲ್ಯಾಬ್ ಒಡೆಯುವುದು ಇದಕ್ಕೇ. ಸೆಕೆ ಇಲ್ಲವಲ್ಲ ಅಂತ ಅವತ್ತು ಯಾರೂ ಏನೂ ತಯಾರಿ ಮಾಡಿರುವುದಿಲ್ಲ.

ಕಂಡ ಕೂಡಲೇ ಏನು ಮಾಡಬೇಕು

ಕಾಂಕ್ರೀಟ್ ಇನ್ನೂ ಮೆತ್ತಗಿದೆಯಾ ನೋಡಿ. ಓಡುತ್ತಿರುವ ವೈಬ್ರೇಟರ್ ಸೂಜಿಯನ್ನು ಮೆಲ್ಲಗೆ ಬಿಟ್ಟರೆ ತನ್ನ ಭಾರಕ್ಕೇ ಇಳಿಯಬೇಕು, ಎತ್ತಿದಾಗ ತೂತು ತಾನಾಗಿ ಮುಚ್ಚಿಕೊಳ್ಳಬೇಕು. ಹಾಗಾದರೆ ಬಿರುಕನ್ನು ಇನ್ನೂ ಪೂರ್ತಿ ವಾಸಿ ಮಾಡಬಹುದು. ಕಂಬಿಯ ನೇರಕ್ಕೆ ಬಂದ ಕುಸಿತದ ಬಿರುಕಿಗೆ ಮತ್ತೊಮ್ಮೆ ವೈಬ್ರೇಟರ್ ಕೊಡುವುದೇ ಮದ್ದು, ಯಾಕೆಂದರೆ ಕಂಬಿಯ ಅಡಿಯ ಟೊಳ್ಳೂ ತುಂಬಬೇಕು. ಓರೆ ಬಿರುಕಿಗೆ ಮರದ ಮಟ್ಟಹಲಗೆಯಿಂದ ಬಿರುಕಿನ ಎರಡೂ ಬದಿ ಬಲವಾಗಿ ತಟ್ಟಿ, ಒಳಗಿನಿಂದ ಗಾರೆ ಎದ್ದು ಬರುವ ಹಾಗೆ ಮಾಡಿ ಉಜ್ಜಬೇಕು. ಸುಮ್ನೆ ಕರಣೆಯಲ್ಲಿ ಮೇಲೆ ಸವರಿದರೆ ಬಿರುಕಿಗೆ ಚರ್ಮ ಬರುತ್ತದೆ, ಒಳಗೆ ಹಾಗೇ ಉಳಿಯುತ್ತದೆ. ಒಂದು ಗಂಟೆಯಲ್ಲಿ ಅದೇ ಜಾಗದಲ್ಲಿ ಮತ್ತೆ ಬಾಯಿ ಬಿಟ್ಟರೆ ಸವರಿದ್ದು ಸಾಲದು ಅಂತಲೇ ಅರ್ಥ.

ಉಜ್ಜಿದ ಜಾಗದ ಮೇಲೆ ಆ ಕ್ಷಣವೇ ಪ್ಲಾಸ್ಟಿಕ್ ಹಾಳೆ ಹಾಸಿ. ಇಡೀ ಸ್ಲ್ಯಾಬ್ ಮುಗಿಯಲಿ ಅಂತ ಕಾಯಬೇಡಿ. ಹಾಳೆಯ ಅಂಚಿಗೆ ಉದ್ದಕ್ಕೂ ಮರದ ತುಂಡೋ, ಕಂಬಿಯೋ ಇಟ್ಟು ಒತ್ತಬೇಕು. ಅಂಚು ಎದ್ದರೆ ಅಡಿಯಲ್ಲಿ ಗಾಳಿ ನುಗ್ಗಿ, ಹಾಸದೇ ಇದ್ದದ್ದಕ್ಕಿಂತ ಬೇಗ ಒಣಗಿಸುತ್ತದೆ. ಬಿಸಿಲಲ್ಲಿ ಕಪ್ಪು ಹಾಳೆ ಬೇಡ, ಬಿಳಿಯದು ಒಳ್ಳೆಯದು. ನೀರು ಚಿಮುಕಿಸುವುದಾದರೆ ಮಂಜಿನ ಹಾಗೆ, ಗಾಳಿಯನ್ನು ಒದ್ದೆ ಮಾಡುವಷ್ಟು. ಪೈಪಿನಿಂದ ನೇರ ನೀರು ಬಿಟ್ಟು ಕರಣೆಯಾಡಿಸಿದರೆ ಮೇಲ್ಪದರದ ಸಿಮೆಂಟ್ ತೆಳುವಾಗಿ ಮುಂದೆ ಧೂಳೆದ್ದು ಹೋಗುತ್ತದೆ.

ಕಾಂಕ್ರೀಟ್ ಸೆಟ್ ಆಗಿಬಿಟ್ಟಿದ್ದರೆ ತಟ್ಟುವ ಕೆಲಸ ಬಿಡಿ. ಅರ್ಧ ಸೆಟ್ ಆದದ್ದನ್ನು ಕೆದಕಿದರೆ ಇನ್ನಷ್ಟು ಬಿರುಕೇ ಸಿಗುವುದು. ತಾರಸಿಯಾದರೆ ಬಿರುಕು ಆರಪಾರ ಇದೆಯೋ ಅನ್ನುವುದು ಮುಖ್ಯ. ಒಣಗಿ ಬರುವ ಬಿರುಕು ತೆಳು ಸ್ಲ್ಯಾಬಿನಲ್ಲಿ ಪೂರ್ತಿ ಆಳಕ್ಕೂ ಇಳಿಯಬಲ್ಲದು. ಸೆಂಟ್ರಿಂಗ್ ಬಿಚ್ಚಿದ ಮೇಲೆ ಮೇಲೆ ನೀರು ನಿಲ್ಲಿಸಿ, ಕೆಳಗಿನಿಂದ ಒದ್ದೆ ಗೆರೆ ಮೂಡುತ್ತದೆಯೋ ನೋಡಿ. ಮೂಡಿದ ಕಡೆ ಬಿರುಕನ್ನು ಗಾಳಿ ಊದಿ ಸ್ವಚ್ಛ ಮಾಡಿ, ಚೆನ್ನಾಗಿ ಒಣಗಿಸಿ, ಸುಲಭವಾಗಿ ಹರಿಯುವ ತೆಳು ಎಪಾಕ್ಸಿಯನ್ನು ಮೇಲಿನಿಂದ ಇಳಿಬಿಡುತ್ತಾರೆ ಅಥವಾ ಒತ್ತಡದಲ್ಲಿ ತುಂಬುತ್ತಾರೆ. ಮೂಡದ ಸಣ್ಣ ಬಿರುಕಿಗೆ ಸಿಮೆಂಟ್ ಹಾಲನ್ನು ಬ್ರಷ್‌ನಿಂದ ಗಟ್ಟಿಯಾಗಿ ತಿಕ್ಕಿ ತುಂಬಿಸಿ ಕ್ಯೂರಿಂಗ್ ಮುಂದುವರಿಸಿದರೆ ಸಾಕು. ಮೇಲೆ ಪ್ಲಾಸ್ಟರ್ ಬಳಿದು ಮುಚ್ಚುವುದು ಮಾತ್ರ ರಿಪೇರಿ ಅಲ್ಲ.

ಮಿಕ್ಸರಿಗೆ ಸುರಿದ ನೀರು

ಬಿಸಿಲಿನ ಇನ್ನೊಂದು ದೋಷ ಬಿರುಕಾಗಿ ಕಾಣುವುದಿಲ್ಲ. ಕಾಂಕ್ರೀಟಿನ ಶಕ್ತಿ ಅಳೆಯುವ ಕ್ಯೂಬ್ ರಿಪೋರ್ಟ್ ಕಡಿಮೆ ಬಂದಾಗ, ಇಲ್ಲವೇ ಮೇಲ್ಮೈ ಕೈಗೆ ಪುಡಿ ಹತ್ತಿದಾಗ ಗೊತ್ತಾಗುತ್ತದೆ. ಸೆಕೆಯಲ್ಲಿ ಕಾಂಕ್ರೀಟ್ ಬೇಗ ಗಟ್ಟಿಯಾಗತೊಡಗುತ್ತದೆ, ಎಳೆಯಲು ಕಷ್ಟ. ಯಾರೋ ಒಂದು ಬಕೆಟ್ ನೀರು ಸುರಿಯುತ್ತಾರೆ. ಒಂದು ಮೂಟೆ, ಅಂದರೆ 50 ಕೆ.ಜಿ. ಸಿಮೆಂಟಿಗೆ 25 ಲೀಟರ್ ನೀರು ಹಾಕಿದರೆ ನೀರು-ಸಿಮೆಂಟ್ ಅನುಪಾತ 0.50. ಅದಕ್ಕೆ ಐದೇ ಲೀಟರ್ ಸೇರಿಸಿದರೂ 0.60. ಶಕ್ತಿ ಒಂದು ದರ್ಜೆಯಷ್ಟು ಕೆಳಗಿಳಿಯಲು ಇಷ್ಟು ಸಾಕು. ಗಟ್ಟಿಯಾಗುತ್ತಿರುವುದನ್ನು ಸಡಿಲ ಮಾಡಲೇಬೇಕಾದರೆ ಮಿಕ್ಸ್ ಮಾಡಿಕೊಟ್ಟವರು ಹೇಳಿದಷ್ಟು ಪ್ಲಾಸ್ಟಿಸೈಸರ್ ಹಾಕಿ ತಿರುಗಿಸಿ, ನೀರಲ್ಲ.

ಬಿಸಿ ಇಳಿಸಲು ಹೋಗುವವರು ಎಲ್ಲಿ ಕೈ ಹಾಕಬೇಕು ಅನ್ನುವುದಕ್ಕೂ ಒಂದು ಅಂದಾಜು ಇದೆ. ಕಾಂಕ್ರೀಟ್ ಒಂದು ಡಿಗ್ರಿ ತಣ್ಣಗಾಗಬೇಕಾದರೆ ಜಲ್ಲಿ ಮರಳನ್ನು ಎರಡು ಡಿಗ್ರಿ ಇಳಿಸಬೇಕು, ನೀರನ್ನಾದರೆ ನಾಲ್ಕು ಡಿಗ್ರಿ. ಜಲ್ಲಿ ರಾಶಿಗೆ ನೆರಳು ಕಟ್ಟಿ, ನೀರು ಚಿಮುಕಿಸಿಟ್ಟರೆ ಖರ್ಚಿಲ್ಲದೆ ಅರ್ಧ ಕೆಲಸ ಆಯಿತು. ಹಾಗೆ ನೆನೆದ ಜಲ್ಲಿಯ ನೀರನ್ನು ಮಿಕ್ಸಿನ ಲೆಕ್ಕದಿಂದ ಕಳೆಯಬೇಕು, ಮರೆಯಬೇಡಿ. ಸೆಂಟ್ರಿಂಗ್ ಶೀಟ್, ಕಂಬಿ ಕೈ ಸುಡುವಷ್ಟು ಕಾದಿದ್ದರೆ ಹಾಕುವ ಮೊದಲು ನೀರು ಹಾಯಿಸಿ, ನಿಂತ ನೀರನ್ನು ಒರೆಸಿ ತೆಗೆಯಿರಿ.

ಹಾಕಿದ ಮೇಲೆ ಮಳೆ ಬಂದರೆ

ಕಡು ಬೇಸಿಗೆಯ ಸ್ಲ್ಯಾಬಿಗೆ ಮಧ್ಯಾಹ್ನ ಸುಡು ಗಾಳಿ, ಸಂಜೆ ಗುಡುಗು ಮಳೆ, ಎರಡೂ ಒಂದೇ ದಿನ ಬರಬಹುದು. ಮಳೆ ಮಾಡುವ ಹಾನಿ ಎಷ್ಟು ಅನ್ನುವುದು ಅದು ಎಷ್ಟು ಸುರಿಯಿತು ಅನ್ನುವುದಕ್ಕಿಂತ, ಯಾವಾಗ ಸುರಿಯಿತು ಮತ್ತು ಆಮೇಲೆ ನಾವೇನು ಮಾಡಿದೆವು ಅನ್ನುವುದರ ಮೇಲೆ ನಿಂತಿದೆ.

ಹಾಕುತ್ತಿರುವಾಗಲೇ ಜೋರು ಮಳೆ ಬಂದರೆ ನಿಲ್ಲಿಸಬೇಕು. ಹೇಗೆ ಬೇಕೋ ಹಾಗಲ್ಲ. ಬೀಮಿನಿಂದ ಬೀಮಿಗೆ ಇರುವ ಅಂತರದ ನಡುವಿನ ಮೂರನೇ ಒಂದು ಭಾಗದಲ್ಲಿ, ಅಡ್ಡ ಹಲಗೆ ನಿಲ್ಲಿಸಿ ನೇರ ಅಂಚು ಮಾಡಿ ನಿಲ್ಲಿಸಿ. ಇಳಿಜಾರಾಗಿ ಹರಡಿ ಬಿಟ್ಟ ಬಾಲ ಮಳೆಯಲ್ಲಿ ತೊಳೆದು ಬರೀ ಜಲ್ಲಿ ಉಳಿಯುತ್ತದೆ. ಮತ್ತೆ ಶುರು ಮಾಡುವ ಮೊದಲು ಆ ಭಾಗವನ್ನು ತೆಗೆದು ಹಾಕಲೇಬೇಕು.

ಮಟ್ಟ ಮಾಡಿ ಮುಗಿದಿದೆ, ಇನ್ನೂ ಮೆತ್ತಗಿದೆ ಅಂದರೆ ಅದೇ ಅತಿ ನಾಜೂಕಿನ ಹೊತ್ತು. ಕಾಲಿಟ್ಟರೆ ಐದಾರು ಮಿ.ಮೀ.ಗಿಂತ ಆಳಕ್ಕೆ ಅಚ್ಚು ಮೂಡುವಷ್ಟು ಮೆತ್ತಗಿರುವಾಗ ದೊಡ್ಡ ಹನಿಗಳು ಮೇಲಿನ ಸಿಮೆಂಟ್ ಹಾಲನ್ನು ಕೊಚ್ಚಿಕೊಂಡು ಹೋಗುತ್ತವೆ. ಹಾಳೆ ಹಾಸಿ. ನೀರು ನಿಂತಿದ್ದರೆ ರಬ್ಬರ್ ವೈಪರಿನಿಂದ, ಇಲ್ಲವೇ ಪೈಪನ್ನು ಅಡ್ಡಲಾಗಿ ಹಿಡಿದು ಎಳೆದು, ಮೇಲ್ಮೈ ಒತ್ತದ ಹಾಗೆ ಹೊರಗೆ ದೂಡಿ. ಇಲ್ಲಿ ಎಲ್ಲರೂ ಮಾಡುವ ಕೆಲಸ ಒಂದಿದೆ: ನೀರು ಇಂಗಲಿ ಅಂತ ಒಣ ಸಿಮೆಂಟ್ ಎರಚಿ ಉಜ್ಜುವುದು. ಇದು ಬೇಡ. ಮಳೆಯ ನೀರು ತಾನಾಗಿ ಕಾಂಕ್ರೀಟಿನ ಒಳಗೆ ಬಹಳ ಇಳಿಯುವುದಿಲ್ಲ, ಕೆಳಗೆಲ್ಲ ಆಗಲೇ ತುಂಬಿಕೊಂಡಿದೆ. ಕರಣೆಯಿಂದ ಉಜ್ಜಿ ಅದನ್ನು ಒಳಗೆ ಸೇರಿಸುವವರು ನಾವೇ. ಹಾಗೆ ಮಾಡಿದ ಪದರ ಆಮೇಲೆ ಸಿಪ್ಪೆಯಂತೆ ಏಳುತ್ತದೆ. ತೊಳೆದು ಹೋದ ಜಾಗ ಇದ್ದರೆ ಸಡಿಲವಾದ ಮೇಲ್ಪದರವನ್ನು ಕೆರೆದು ತೆಗೆದು, ಕೆಳಗಿನದು ಇನ್ನೂ ಸೆಟ್ ಆಗದೆ ಇರುವಾಗಲೇ ಅದೇ ಮಿಕ್ಸಿನ ಕಾಂಕ್ರೀಟ್ ತುಂಬಿ.

ಸೆಟ್ ಆದ ಮೇಲೆ ಬಂದ ಮಳೆಗೆ ಹೆದರುವುದು ಬೇಡ. ಕೆಲವು ಗಂಟೆ ಕಳೆದು ಕೈ ಉಗುರಿಗೆ ಜಗ್ಗದಷ್ಟು ಗಟ್ಟಿಯಾಗಿದ್ದರೆ ಅದು ಪುಕ್ಕಟೆ ಕ್ಯೂರಿಂಗ್.

ರಾತ್ರಿ ಮಳೆ ಬಂದಿತ್ತು, ಬೆಳಗ್ಗೆ ಸ್ಲ್ಯಾಬ್ ಮೇಲೆ ಮರಳು ಕಾಣುತ್ತಿದೆ, ಈಗೇನು? ಗಾಬರಿಯಾಗಿ ಒಡೆಸುವ ಮೊದಲು ಆಳ ತಿಳಿಯಿರಿ. ಹಾಳೆಯ ಅಡಿಯಲ್ಲಿ ನೆನೆಯದೆ ಉಳಿದ ಒಂದು ಮೂಲೆ ಹುಡುಕಿ. ಎರಡು ದಿನ ಬಿಟ್ಟು ಅಲ್ಲೊಂದು, ನೆನೆದಲ್ಲೊಂದು, ಒಂದೇ ಮೊಳೆಯಿಂದ ಒಂದೇ ಬಲದಲ್ಲಿ ಗೀರಿ. ನೆನೆದ ಕಡೆ ಗೀರು ಆಳವಾಗಿ ಮರಳು ಉದುರಿದರೆ, ಉಳಿ ಹಿಡಿದು ಮೆಲ್ಲಗೆ ಕೆತ್ತುತ್ತಾ ಹೋಗಿ. ಜಲ್ಲಿ ಕಲ್ಲು ಅಲುಗದೆ, ಉಳಿ ಟಣ್ ಅನ್ನುವ ಮಟ್ಟ ಸಿಕ್ಕಿತಾ? ಅಲ್ಲಿಗೆ ನಿಲ್ಲಿಸಿ, ಸ್ಕೇಲ್ ಇಟ್ಟು ಅಳೆಯಿರಿ. ಎರಡು ಮೂರು ಮಿ.ಮೀ. ಇದ್ದರೆ ತಂತಿ ಬ್ರಷ್‌ನಿಂದ ಉಜ್ಜಿ ತೆಗೆದರೆ ಮುಗಿಯಿತು, ಹೇಗೂ ಮೇಲೆ ಇಳಿಜಾರಿನ ಗಾರೆ ಬರುತ್ತದೆ. ಒಂದು ಸೆಂಟಿಮೀಟರ್ ದಾಟಿದರೆ, ಅಥವಾ ಜಾಗ ಬಾಲ್ಕನಿಯಾಗಿದ್ದರೆ, ಅದು ಕಂಬಿಯ ಕವರ್‌ನ ಪ್ರಶ್ನೆ. ರಿಬೌಂಡ್ ಹ್ಯಾಮರ್ ಹೊಡೆದು ನೋಡಬಹುದು, ಆದರೆ ಅದು ಮೇಲ್ಮೈಯ ಗಟ್ಟಿತನ ಮಾತ್ರ ಹೇಳುತ್ತದೆ. ಮೇಲ್ಮೈ ಕೆಟ್ಟ ಸ್ಲ್ಯಾಬಿಗೆ ಅದರ ರೀಡಿಂಗ್ ಇಡೀ ಕಾಂಕ್ರೀಟಿನ ಮೇಲೆ ಸುಳ್ಳು ಅಪವಾದ ಹೊರಿಸುತ್ತದೆ. ಜಗಳ ಬಗೆಹರಿಯಬೇಕಾದರೆ ಸ್ಲ್ಯಾಬನ್ನು ಕೊರೆದು ಕಾಂಕ್ರೀಟಿನ ತುಂಡು, ಅಂದರೆ ಕೋರ್ ತೆಗೆಸಿ. ಕಾಂಕ್ರೀಟಿಗೆ ಭಾರತದ ಮಾನದಂಡವಾದ ಐಎಸ್ 456 ಪ್ರಕಾರ ಕನಿಷ್ಠ ಮೂರು ಕೋರ್ ಬೇಕು. ಅವುಗಳ ಸರಾಸರಿ, ಬೇಕಿದ್ದ ಕ್ಯೂಬ್ ಶಕ್ತಿಯ 85% ಮುಟ್ಟಿ, ಯಾವೊಂದೂ 75%ಗಿಂತ ಕೆಳಗೆ ಇಳಿಯದಿದ್ದರೆ ಕಾಂಕ್ರೀಟ್ ಪಾಸ್.

ಮಳೆಗಾಲದ ಕಳ್ಳ ಕೂತಿರುವುದು ಮರಳಿನ ರಾಶಿಯಲ್ಲಿ. ಒಂದು ಮೂಟೆಯ ಮಿಕ್ಸಿಗೆ ಹೋಗುವ ಸುಮಾರು 80 ಕೆ.ಜಿ. ಮರಳಿನಲ್ಲಿ 6% ತೇವ ಇದ್ದರೆ ಹತ್ತಿರ ಐದು ಲೀಟರ್ ನೀರು ಆಗಲೇ ಒಳಗಿದೆ. ಮೇಲೆ ಹೇಳಿದ 0.50 ಮತ್ತು 0.60ರ ನಡುವಿನ ಅದೇ ಐದು ಲೀಟರ್. ಇನ್ನೊಂದು ಕಡೆ ಒದ್ದೆ ಮರಳು ಉಬ್ಬುತ್ತದೆ, ಬಾಕ್ಸಿನಲ್ಲಿ ಅಳೆದರೆ ಕಾಲು ಭಾಗದವರೆಗೂ ಮರಳು ಕಡಿಮೆ ಬೀಳಬಹುದು. ಬಾಕ್ಸ್ ತುಂಬಿದೆ, ಆದರೆ ಮಿಕ್ಸ್ ಜಲ್ಲಿ ಜಲ್ಲಿಯಾಗಿದೆ, ಅಂಚಿನಲ್ಲಿ ನೀರು ಬಿಡುತ್ತಿದೆ ಅಂದರೆ ಕಾರಣ ಇದೇ. ರಾಶಿಗೆ ಹಾಳೆ ಹೊದಿಸಿ. ರಾಶಿಯ ಬುಡದ ಮರಳು ಹೊದಿಸಿದ ಮೇಲೂ ಒದ್ದೆಯಾಗೇ ಇರುತ್ತದೆ, ಅದನ್ನು ಅವತ್ತಿಗೆ ಬಳಸಬೇಡಿ.

ಮಳೆಗಾಲ ಅಂತ ಕ್ಯೂರಿಂಗ್ ಬಿಡುವ ಅಭ್ಯಾಸವೂ ಇದೆ. ಎರಡು ಮಳೆಯ ನಡುವೆ ಬಿಸಿಲು ಬಂದು, ಗಾಳಿ ಬೀಸಿ, ಅರ್ಧ ದಿನದಲ್ಲಿ ಸ್ಲ್ಯಾಬ್ ಬೆಳ್ಳಗಾಗುತ್ತದೆ. ಐಎಸ್ 456 ಸಾದಾ ಓಪಿಸಿ ಸಿಮೆಂಟಿಗೆ ಕನಿಷ್ಠ 7 ದಿನ, ಪಿಪಿಸಿಯಂಥ ಮಿಶ್ರ ಸಿಮೆಂಟಿಗೆ 10 ದಿನ ಕೇಳುತ್ತದೆ. ಒಣ ಸೆಕೆಯಲ್ಲಿ ಯಾವ ಸಿಮೆಂಟಾದರೂ 10 ದಿನಕ್ಕಿಂತ ಕೆಳಗೆ ಇಳಿಸಬಾರದು, ಮಿಶ್ರ ಸಿಮೆಂಟಾದರೆ 14 ದಿನ ಒಳ್ಳೆಯದು. ಗೋಣಿಚೀಲ ಹಾಸಿಟ್ಟು, ದಿನಕ್ಕೆರಡು ಸಲ ಕೈಯಿಂದ ಮುಟ್ಟಿ ನೋಡಿ. ಅಡಿ ಒಣಗಿದ್ದರೆ ಆಕಾಶದಲ್ಲಿ ಮೋಡ ಇದ್ದರೂ ನೀರು ಹಾಕಿ.